ಬಿಸಿಲು ಬಿಟ್ಟ ತೋಟ

ವಸ್ತಾರೆಯ ಕಡೆಯ ತೋಟವೊಂದರಲ್ಲಿ ವೃದ್ಧರಾದ ಗೌಡರಿಗೂ ಹೊಸದಾಗಿ ಕಾಫಿಗೆ ಕೈಹಾಕಿದ ತರುಣನಿಗೂ ನಡೆದ ಸಂಭಾಷಣೆಯನ್ನು ನಾವು ಕೇಳಿದೆವು.

“ಗೌಡರೇ, ನೆರಳುಮರಗಳನ್ನು ಕಡಿಸಿದ ಮೇಲೆ ಎರಡು ವರ್ಷ ಅರೇಬಿಕಾ ಫಸಲು ಹೆಚ್ಚಿತು. ಈಗ ಗಿಡಗಳು ಹಳದಿಯಾಗಿ ಬಾಡುತ್ತಿವೆ. ಗೊಬ್ಬರ ಸಾಲದೆ?”

“ಗೊಬ್ಬರದ ಮಾತಲ್ಲ, ತಮ್ಮಾ. ಕಾಂಡವನ್ನು ಕೈಯಿಂದ ಸವರಿ ನೋಡು. ತೊಗಟೆಯ ಮೇಲೆ ಉಬ್ಬುಗೆರೆ ಎದ್ದಿದೆಯೆ?”

“ಎದ್ದಿದೆ.”

“ಒಳಗೆ ಬಿಳಿ ಕಾಂಡಕೊರಕದ ಹುಳು ಸುರಂಗ ತೋಡಿದೆ. ಅದರ ದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಆರಿಸಿ, ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವುದು. ಮೊಟ್ಟೆ ದುಂಬಿಯಾಗಲು ಹೆಚ್ಚುಕಡಮೆ ಒಂದು ವರ್ಷ ಬೇಕು. ಆದುದರಿಂದ ಬಿಸಿಲಿನ ಲಾಭ ಮೊದಲು ಕಂಡಿತು, ನಷ್ಟವು ಮರದೊಳಗೆ ಅಡಗಿ ಬೆಳೆಯಿತು. ಕೊಡಗಿನಲ್ಲಿಯೂ 1860ರ ದಶಕದಲ್ಲಿ ಹೀಗೆಯೇ ಆಯಿತು.”

“ಹಾಲವಾಣವನ್ನು ನೆಟ್ಟರೆ ಈ ಗಿಡಗಳು ಉಳಿಯುವುವೆ?”

“ಗೆರೆ ಎದ್ದವು ಉಳಿಯವು. ಏಪ್ರಿಲಿನಲ್ಲಿ ದುಂಬಿ ಹಾರುವ ಮೊದಲೇ ಬೇರುಸಹಿತ ಕಿತ್ತು ಸುಡು. ಅಕ್ಟೋಬರಿಗೆ ಮೊದಲು ಮತ್ತೊಮ್ಮೆ ಹುಡುಕು. ಸೌದೆಯೆಂದು ಕೂಡಿಟ್ಟೆಯೋ, ಆ ರಾಶಿಯಿಂದಲೇ ದುಂಬಿ ಹೊರಡುವುದು. ಉಳಿದ ಗಿಡಗಳ ಒರಟು ತೊಗಟೆಯನ್ನು ನಾರಿನಿಂದ ಉಜ್ಜಿಸು, ಮೊಟ್ಟೆಗೆ ಎಡೆಯಿರದು. ಹಾಲವಾಣ ಬೇಗ ಬಂದೀತು. ನೀನು ಕಡಿಸಿದ ಅತ್ತಿ, ಬಸರಿಗಳ ಎತ್ತರಕ್ಕೆ ಬಹುಕಾಲ ಬೇಕು.”

“ಹಾಗಾದರೆ ನೆರಳು ದಟ್ಟವಾದಷ್ಟೂ ಒಳ್ಳೆಯದೆ?”

“ಅಲ್ಲ. ಕತ್ತಲೆಗಟ್ಟಿದ ತೋಟಕ್ಕೆ ಮಳೆಗಾಲದಲ್ಲಿ ಕೊಳೆರೋಗ ಬರುವುದು. ಮುಂಗಾರಿಗೆ ಮೊದಲು ಹಾಲವಾಣದ ಕೊಂಬೆ ಸವರಬೇಕು, ಮರವನ್ನು ಮಾತ್ರ ಮುಟ್ಟಬಾರದು.”

ನಾವು ಹೊರಡುವಾಗ ಆ ತರುಣನು ಒಂದೊಂದೇ ಕಾಂಡವನ್ನು ಸವರುತ್ತ, ಕೀಳಬೇಕಾದ ಗಿಡಗಳಿಗೆ ಸುಣ್ಣದ ಗುರುತು ಹಾಕುತ್ತಿದ್ದನು.