ಮುಗಿಯದ ಸೇತುವೆಯ ಲಾಭ



ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅಂತ ನಮ್ಮ ಕಡೆ ಒಂದು ಗಾದೆ ಇದೆ. ಲೆಕ್ಕ ಬರೆಯುವವರೂ ಬಹಳ ಕಾಲ ಹಾಗೇ ನಡೆದುಕೊಂಡರು. ಸರಕು ಮೊದಲು ಮಾರಲಿ, ಲಾಭದ ಮಾತು ಆಮೇಲೆ. ಕಿರಾಣಿ ಅಂಗಡಿಗೂ ಅಡಿಕೆ ಮಂಡಿಗೂ ಈ ನಿಯಮ ಸರಿಯಾಗಿಯೇ ಹೊಂದುತ್ತದೆ. ಆದರೆ ಮೂರು ವರ್ಷ ಹಿಡಿಯುವ ಸೇತುವೆಯನ್ನು ಗುತ್ತಿಗೆಗೆ ಹಿಡಿದವನು ಏನು ಮಾಡಬೇಕು? ವರ್ಷ ವರ್ಷವೂ ಮಾರ್ಚ್ 31 ಬರುತ್ತದೆ. ಸೇತುವೆ ಅರ್ಧಕ್ಕೆ ನಿಂತಿರುತ್ತದೆ. ಆ ಅರ್ಧ ಸೇತುವೆಯಲ್ಲಿ ಲಾಭ ಇದೆಯೋ ಇಲ್ಲವೋ, ಇದ್ದರೆ ಎಷ್ಟು? ಈ ಪ್ರಶ್ನೆಗೆ ಉತ್ತರ ನೂರು ವರ್ಷಗಳಲ್ಲಿ ಹೇಗೆಲ್ಲ ಬದಲಾಯಿತು ಎಂಬುದೇ ಇವತ್ತಿನ ನನ್ನ ಮಾತು.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ತೆರಿಗೆ ನಿಯಮಗಳು ದೀರ್ಘಾವಧಿ ಗುತ್ತಿಗೆದಾರರಿಗೆ ಎರಡು ದಾರಿ ತೋರಿಸಿದ್ದವು. ಕಾಮಗಾರಿ ಪೂರ್ತಿ ಮುಗಿದ ವರ್ಷವೇ ಎಲ್ಲ ಲಾಭ ತೋರಿಸಬಹುದು, ಅಥವಾ ಪ್ರತಿವರ್ಷ ಎಷ್ಟು ಭಾಗ ಮುಗಿಯಿತೋ ಅಷ್ಟು ಭಾಗದ ಲಾಭ ತೋರಿಸಬಹುದು. 1955ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರ ಸಂಸ್ಥೆಯ ಸಮಿತಿ ಹೊರಡಿಸಿದ 45ನೆಯ ಬುಲೆಟಿನ್ ಕೂಡ ಎರಡನ್ನೂ ಇಟ್ಟುಕೊಂಡಿತು. ಆದರೆ ಒಂದು ಮಾತು ಸೇರಿಸಿತು: ಮುಂದಿನ ಖರ್ಚಿನ ಅಂದಾಜನ್ನು ನಂಬಬಹುದಾದರೆ ಭಾಗದ ಲೆಕ್ಕವೇ ಮೇಲು, ನಂಬಲಾಗದಿದ್ದರೆ ಕೆಲಸ ಮುಗಿಯುವ ತನಕ ಕಾಯುವುದೇ ಮೇಲು. ಇಡೀ ವಿಷಯದ ತಿರುಳು ಈ ಒಂದು ಮಾತಿನಲ್ಲಿದೆ. ಮುಂದೆ ಬಂದ ನಿಯಮಗಳೆಲ್ಲ ಇದೇ ಗೂಟದ ಸುತ್ತ ತಿರುಗಿವೆ.

ನಾನು ಬಿ.ಕಾಂ. ಓದಿದಾಗ ಕಲಿತದ್ದು ಬೇರೆಯೇ ಒಂದು ಸೂತ್ರ. ಕೇಳುತ್ತಿರುವ ಕಾಮರ್ಸ್ ವಿದ್ಯಾರ್ಥಿಗಳಿಗೆ ಈಗಲೂ ನೆನಪಿರಬಹುದು. ಕಾಮಗಾರಿ ಕಾಲು ಭಾಗ ದಾಟದಿದ್ದರೆ ಲಾಭವೇ ಇಲ್ಲ. ಕಾಲು ದಾಟಿ ಅರ್ಧದೊಳಗಿದ್ದರೆ ತೋರುವ ಲಾಭದ ಮೂರನೇ ಒಂದು ಪಾಲು. ಅರ್ಧ ದಾಟಿದರೆ ಮೂರನೇ ಎರಡು ಪಾಲು. ಅದನ್ನೂ ಮತ್ತೆ ಕೈಗೆ ಬಂದ ಹಣದ ಪ್ರಮಾಣಕ್ಕೆ ತಕ್ಕಂತೆ ಇಳಿಸಬೇಕು. ಯಾಕೆ ಮೂರನೇ ಎರಡು, ಯಾಕೆ ನಾಲ್ಕನೇ ಮೂರಲ್ಲ ಎಂದು ಯಾರೂ ಹೇಳಿಕೊಡಲಿಲ್ಲ. ಅಳೆದು ಕಂಡುಕೊಂಡ ಪಾಲು ಅದಲ್ಲ, ಹೆದರಿಕೆಯಿಂದ ಹುಟ್ಟಿದ ಪಾಲು. ಆದರೂ ಆ ಹೆದರಿಕೆಗೆ ಅರ್ಥವಿತ್ತು ಅಂತ ಈಗ ಅನ್ನಿಸುತ್ತದೆ. ಯಾಕೆಂದು ಒಂದು ಲೆಕ್ಕ ಹಾಕಿ ನೋಡೋಣ.

ನದಿಗೆ ಒಂದು ಸೇತುವೆ ಅಂದುಕೊಳ್ಳಿ. ಟೆಂಡರ್ ಮೊತ್ತ 60 ಕೋಟಿ ರೂಪಾಯಿ. ಗುತ್ತಿಗೆದಾರನ ಅಂದಾಜಿನಲ್ಲಿ ಒಟ್ಟು ಖರ್ಚು 50 ಕೋಟಿ. ಅಂದರೆ ಎಲ್ಲ ನೆಟ್ಟಗೆ ನಡೆದರೆ 10 ಕೋಟಿ ಲಾಭ. ದರ ಏರಿದರೆ ಇಲಾಖೆ ಹೆಚ್ಚು ಕೊಡುವ ಷರತ್ತು ಈ ಕರಾರಿನಲ್ಲಿ ಇಲ್ಲ.

ಮೊದಲ ವರ್ಷದ ಕೊನೆಗೆ ಸೇತುವೆಗೆ ಆದ ಖರ್ಚು 15 ಕೋಟಿ. ಒಟ್ಟು 50ರಲ್ಲಿ 15 ಎಂದರೆ ನೂರಕ್ಕೆ 30. ಆದ್ದರಿಂದ 60 ಕೋಟಿಯ ನೂರಕ್ಕೆ 30, ಅಂದರೆ 18 ಕೋಟಿ, ಈ ವರ್ಷದ ಆದಾಯ. ಅದರಲ್ಲಿ ಖರ್ಚು 15 ಕಳೆದರೆ ಲಾಭ 3 ಕೋಟಿ. ಇಲ್ಲಿ ಒಂದು ಎಚ್ಚರ ಬೇಕು. ಗರ್ಡರಿಗೆಂದು ತರಿಸಿದ 5 ಕೋಟಿಯ ಕಬ್ಬಿಣ ಸೈಟಿನಲ್ಲಿ ತಾಡಪತ್ರಿ ಹೊದ್ದು ಬಿದ್ದಿದೆ ಎನ್ನಿ. ಅದನ್ನೂ ಸೇರಿಸಿದರೆ ಖರ್ಚು 20 ಕೋಟಿ, ಕಾಮಗಾರಿ ನೂರಕ್ಕೆ 40, ಲಾಭ 4 ಕೋಟಿ ಆಗಿಬಿಡುತ್ತದೆ. ಕಬ್ಬಿಣ ಕೊಂಡದ್ದಕ್ಕೇ ಒಂದು ಕೋಟಿ ಲಾಭ! ಅದರಿಂದ ಸೇತುವೆ ಒಂದಿಂಚೂ ಎದ್ದಿಲ್ಲ. ಆದ್ದರಿಂದಲೇ ಕಾಮಗಾರಿಗೆ ಇನ್ನೂ ಬಳಸದ ಸಾಮಾನು, ಉಪಗುತ್ತಿಗೆದಾರನಿಗೆ ಕೊಟ್ಟ ಮುಂಗಡ, ಇವನ್ನು ಈ ಅನುಪಾತದಿಂದ ಹೊರಗಿಡಬೇಕು ಎನ್ನುತ್ತದೆ ನಿಯಮ. ಲೆಕ್ಕಪರಿಶೋಧಕರು ಮಾರ್ಚ್ ಕೊನೆಯಲ್ಲಿ ಸೈಟಿಗೆ ಹೋಗಿ ಕಬ್ಬಿಣದ ರಾಶಿ ನೋಡುವುದು ಇದಕ್ಕೇ.

ಎರಡನೇ ವರ್ಷ ನದಿ ತನ್ನ ಆಟ ತೋರಿಸಿತು. ಒಂದು ಕಂಬದ ಕೆಳಗೆ ನಿರೀಕ್ಷಿಸಿದ ಆಳದಲ್ಲಿ ಬಂಡೆ ಸಿಗಲಿಲ್ಲ, ಪೈಲಿಂಗ್ ಇನ್ನೂ ಆಳಕ್ಕೆ ಹೋಯಿತು. ಮಳೆಗಾಲದ ಪ್ರವಾಹ ಸೆಂಟ್ರಿಂಗನ್ನು ಎಳೆದುಕೊಂಡು ಹೋಯಿತು. ವರ್ಷದ ಕೊನೆಗೆ ಒಟ್ಟು ಆದ ಖರ್ಚು 35 ಕೋಟಿ. ಇನ್ನು ಬೇಕಾದದ್ದು 21 ಕೋಟಿ. ಹಾಗಾಗಿ ಸೇತುವೆಯ ಹೊಸ ಅಂದಾಜು ಖರ್ಚು 56 ಕೋಟಿ. 56ರಲ್ಲಿ 35 ಎಂದರೆ ನೂರಕ್ಕೆ 62.5. ಎರಡು ವರ್ಷದ ಒಟ್ಟು ಆದಾಯ 37.5 ಕೋಟಿ. ಹೋದ ವರ್ಷ 18 ತೋರಿಸಿಯಾಗಿದೆ, ಉಳಿದ 19.5 ಕೋಟಿ ಈ ವರ್ಷದ್ದು. ಈ ವರ್ಷದ ಖರ್ಚು 20 ಕೋಟಿ. ಅಂದರೆ ಅರ್ಧ ಕೋಟಿ ನಷ್ಟ. ಸೇತುವೆ ಒಟ್ಟಾರೆ ಲಾಭದಲ್ಲೇ ಇದೆ, ಆದರೂ ಈ ವರ್ಷ ನಷ್ಟ. ಇದು ತಪ್ಪು ಲೆಕ್ಕವಲ್ಲ. ಮೊದಲ ವರ್ಷ ಹೆಚ್ಚು ಆಸೆಯಿಂದ ತೋರಿಸಿದ್ದು ಈಗ ವಾಪಸ್ ಬರುತ್ತಿದೆ, ಅಷ್ಟೇ. ಹಳೆಯ ವರ್ಷದ ಪುಸ್ತಕವನ್ನು ತಿದ್ದುವ ಹಾಗಿಲ್ಲ. ಅಂದಾಜು ಬದಲಾದದ್ದರ ಹೊರೆಯನ್ನು ಬದಲಾದ ವರ್ಷವೇ ಹೊರಬೇಕು.

ಮೂರನೇ ವರ್ಷ ಸೇತುವೆ ಮುಗಿಯಿತು, ಖರ್ಚು 56 ಕೋಟಿಗೇ ನಿಂತಿತು. ಉಳಿದ ಆದಾಯ 22.5 ಕೋಟಿ, ಖರ್ಚು 21, ಲಾಭ ಒಂದೂವರೆ ಕೋಟಿ. ಮೂರು, ಕಳೆ ಅರ್ಧ, ಕೂಡು ಒಂದೂವರೆ: ಒಟ್ಟು 4 ಕೋಟಿ. 60ರಲ್ಲಿ 56 ಕಳೆದರೆ ಬರುವುದೂ ಅದೇ.

ಇದೇ ಎರಡನೇ ವರ್ಷದ ಕೊನೆಗೆ ಅಂದಾಜು 56 ಅಲ್ಲ, 64 ಕೋಟಿ ಆಗಿದ್ದರೆ? ಆಗ ಸೇತುವೆಯೇ 4 ಕೋಟಿ ನಷ್ಟದ್ದು. ಇಂಥ ಹೊತ್ತಿನಲ್ಲಿ ಭಾಗದ ಮಾತೇ ಇಲ್ಲ. ಬರಲಿರುವ ನಷ್ಟ ಪೂರ್ತಿಯಾಗಿ ಈಗಲೇ ಪುಸ್ತಕಕ್ಕೆ ಬರಬೇಕು. ಮೊದಲ ವರ್ಷ ತೋರಿಸಿದ 3 ಕೋಟಿಯೂ ಹೋಗುವುದರಿಂದ ಎರಡನೇ ವರ್ಷದ ನಷ್ಟ 7 ಕೋಟಿ. ಲಾಭವನ್ನು ಕಂತಿನಲ್ಲಿ ತೋರಿಸಬಹುದು, ನಷ್ಟವನ್ನು ಕಂತು ಮಾಡುವಂತಿಲ್ಲ. ನಮ್ಮ ಆದಾಯ ತೆರಿಗೆಯ ಲೆಕ್ಕ ಮಾತ್ರ ಇದನ್ನು ಒಪ್ಪುವುದಿಲ್ಲ. ಅಲ್ಲಿ ಮುಂದೆ ಬರುವ ನಷ್ಟಕ್ಕೆ ಈಗಲೇ ರಿಯಾಯಿತಿ ಸಿಗದು. ಒಂದೇ ಸೇತುವೆಗೆ ಎರಡು ಲೆಕ್ಕ ಇಡಬೇಕಾಗುವುದು ಹೀಗೆ.

ಇಷ್ಟು ಕೇಳಿದ ಮೇಲೆ ಕಳ್ಳತನ ಎಲ್ಲಿ ನುಸುಳುತ್ತದೆ ಎಂದು ನೀವೇ ಊಹಿಸಿರಬಹುದು. ಆದ ಖರ್ಚಿಗೆ ಬಿಲ್ಲು ಇದೆ, ವೋಚರ್ ಇದೆ. ಆಗಬೇಕಾದ ಖರ್ಚಿಗೆ ಏನಿದೆ? ಸೈಟ್ ಇಂಜಿನಿಯರನ ಒಂದು ಮಾತು. ನಾನು ಆರ್ಟಿಕಲ್ ಮಾಡುತ್ತಿದ್ದಾಗ ಒಂದು ಸೈಟಿಗೆ ಹೋಗಿ, ಇನ್ನೆಷ್ಟು ಖರ್ಚಾಗಬಹುದು ಅಂತ ಕೇಳಿದ್ದೆ. ಅಲ್ಲಿನ ಇಂಜಿನಿಯರು ಜೇಬಿನಿಂದ ಡೈರಿ ತೆಗೆದು ನೋಡಿ, 'ಸಾರ್, ಆಫೀಸಿನ ಲೆಕ್ಕ ಬೇರೆ, ನದಿಯ ಲೆಕ್ಕ ಬೇರೆ. ನಿಮಗೆ ಯಾವುದು ಬೇಕು?' ಅಂದರು. ನನ್ನ ಕೈಯಲ್ಲಿದ್ದ ಕಾಗದದ ಅಂದಾಜಿಗೂ ಆ ಡೈರಿಯ ಅಂದಾಜಿಗೂ ಬಹಳ ಅಂತರವಿತ್ತು.

ನಮ್ಮ ಸೇತುವೆಯವನು ಎರಡನೇ ವರ್ಷ 56ನ್ನು ಮುಚ್ಚಿಟ್ಟು ಹಳೆಯ 50ನ್ನೇ ಇಟ್ಟುಕೊಂಡರೆ ನೋಡಿ. 50ರಲ್ಲಿ 35, ಅಂದರೆ ನೂರಕ್ಕೆ 70. ಒಟ್ಟು ಆದಾಯ 42 ಕೋಟಿ. ಅರ್ಧ ಕೋಟಿ ನಷ್ಟದ ವರ್ಷ 4 ಕೋಟಿ ಲಾಭದ ವರ್ಷವಾಗಿ ಹೊಳೆಯುತ್ತದೆ. ಆದರೆ ಇಲಾಖೆಯ ಇಂಜಿನಿಯರು ಅಳತೆ ಪುಸ್ತಕದಲ್ಲಿ ಬರೆದು ಪಾಸು ಮಾಡಿದ ರನ್ನಿಂಗ್ ಬಿಲ್ಲುಗಳು 33 ಕೋಟಿಯವು ಮಾತ್ರ ಎನ್ನಿ. ಹಾಗಾದರೆ 9 ಕೋಟಿ 'ಬಿಲ್ಲಾಗದ ಆದಾಯ' ಎಂದು ಆಸ್ತಿಯ ಕಡೆ ಕೂತಿರುತ್ತದೆ. ನಿಜ ಹೇಳಿದ್ದರೆ ಅದು ನಾಲ್ಕೂವರೆ ಕೋಟಿ ಇರುತ್ತಿತ್ತು. ಬ್ಯಾಲೆನ್ಸ್ ಶೀಟಿನಲ್ಲಿ ಈ ಸಾಲು ವರ್ಷದಿಂದ ವರ್ಷಕ್ಕೆ ಆದಾಯಕ್ಕಿಂತ ಜೋರಾಗಿ ಬೆಳೆಯುತ್ತಿದ್ದರೆ ಮೂಗು ಅರಳಿಸಬೇಕು. ಇನ್ನೊಂದು ಗುರುತು, ಕಾಮಗಾರಿಗಳು ಮುಗಿಯುವ ವರ್ಷವೇ ಲಾಭ ಕುಸಿಯುವುದು. ನಮ್ಮವನಿಗೂ ಮೂರನೇ ವರ್ಷ 18 ಕೋಟಿ ಆದಾಯಕ್ಕೆ 21 ಕೋಟಿ ಖರ್ಚು ಬಂದು, 3 ಕೋಟಿ ನಷ್ಟ ಕಾಣಿಸಿಯೇ ತೀರುತ್ತದೆ. ಹೊಸ ಹೊಸ ಕಾಮಗಾರಿ ಹಿಡಿಯುತ್ತಾ ಹೋದರೆ ಮಾತ್ರ ಅದನ್ನು ಒಂದಿಷ್ಟು ಕಾಲ ಮರೆಸಬಹುದು.

ಜಪಾನಿನ ತೋಷಿಬಾ ಕಂಪನಿಯಲ್ಲಿ 2015ರಲ್ಲಿ ಹೊರಬಂದ ಹಗರಣದ ಒಂದು ಭಾಗ ಇಂಥದ್ದೇ. ಮೂಲಸೌಕರ್ಯದ ದೊಡ್ಡ ಗುತ್ತಿಗೆಗಳಲ್ಲಿ ಒಟ್ಟು ಖರ್ಚಿನ ಅಂದಾಜನ್ನು ಕಡಿಮೆ ಇಟ್ಟು, ಗೊತ್ತಿದ್ದ ನಷ್ಟವನ್ನು ಮುಂದಕ್ಕೆ ತಳ್ಳಿದ್ದರು. ಸ್ವತಂತ್ರ ತನಿಖಾ ಸಮಿತಿ ನಾಲ್ಕು ವಿಭಾಗಗಳಲ್ಲಿ ಒಟ್ಟು 15,180 ಕೋಟಿ ಯೆನ್ ಲಾಭ ಉಬ್ಬಿದೆ ಎಂದಿತು. ಆ ನಾಲ್ಕರಲ್ಲಿ ಈ ಭಾಗದ ಲೆಕ್ಕವೂ ಒಂದು. ಜುಲೈನಲ್ಲಿ ಅಧ್ಯಕ್ಷ ಹಿಸಾವೊ ತನಾಕಾ ರಾಜೀನಾಮೆ ಕೊಟ್ಟರು. ಮೇಲಿನವರು ಕೆಳಗಿನವರಿಗೆ ಗುರಿ ಕೊಡುವಾಗ ಬಳಸುತ್ತಿದ್ದ ಪದ 'ಚಾಲೆಂಜ್' ಅಂತೆ. ಇಂಜಿನಿಯರನ ಡೈರಿಯ ಮೇಲೆ ಕೂರುವ ಒತ್ತಡಕ್ಕೆ ಎಷ್ಟು ನಯವಾದ ಹೆಸರು.

ಹೀಗಿದ್ದೂ ಜಗತ್ತು ಭಾಗದ ಲೆಕ್ಕದ ಕಡೆಗೇ ಸರಿದದ್ದು ಯಾಕೆ? ಮುಗಿಯುವ ತನಕ ಕಾಯುವ ಪದ್ಧತಿಯಲ್ಲೂ ಮೋಸವಿತ್ತು. ಎರಡು ವರ್ಷ ಸೊನ್ನೆ, ಮೂರನೇ ವರ್ಷ ಸುಗ್ಗಿ. ನಡುವೆ ಷೇರು ಮಾರಿದವನಿಗೆ ಏನೂ ತಿಳಿಯದು. ಕೊನೆಯ ಚೂರು ಕೆಲಸವನ್ನು ಬೇಕಾದ ವರ್ಷಕ್ಕೆ ಎಳೆದು ಲಾಭವನ್ನೂ ಎಳೆಯಬಹುದು. ಅಮೆರಿಕದಲ್ಲಿ ರಕ್ಷಣಾ ಗುತ್ತಿಗೆಯ ದೊಡ್ಡ ಕಂಪನಿಗಳು ಇದೇ ನೆಪದಲ್ಲಿ ವರ್ಷಗಟ್ಟಲೆ ತೆರಿಗೆ ಮುಂದೂಡಿದವು. 1986ರ ತೆರಿಗೆ ಕಾನೂನು ಆ ಬಾಗಿಲನ್ನು ಮುಚ್ಚತೊಡಗಿತು. 1979ರ ಅಂತರರಾಷ್ಟ್ರೀಯ ಮಾನದಂಡ ಎರಡು ದಾರಿಗಳನ್ನೂ ಬಿಟ್ಟಿತ್ತು. 1993ರ ಪರಿಷ್ಕರಣೆ ಕಾಯುವ ದಾರಿಯನ್ನು ಕಿತ್ತುಹಾಕಿತು. ನಮ್ಮಲ್ಲಿ 1983ರಲ್ಲಿ ಬಂದ 7ನೆಯ ಲೆಕ್ಕ ಮಾನದಂಡವೂ ಆಯ್ಕೆ ಕೊಟ್ಟಿತ್ತು. 2002ರಲ್ಲಿ ಪರಿಷ್ಕರಿಸಿ, 2003ರ ಏಪ್ರಿಲ್ 1ರ ನಂತರದ ಕರಾರುಗಳಿಗೆ ಭಾಗದ ಲೆಕ್ಕವೊಂದನ್ನೇ ಉಳಿಸಿದರು. ಅಂದಾಜು ನಂಬಲಾಗದಿದ್ದರೆ ಖರ್ಚಾದಷ್ಟೇ ಆದಾಯ, ಅದೂ ವಸೂಲಾಗುವಷ್ಟು ಮಾತ್ರ, ಲಾಭ ಸೊನ್ನೆ. 1955ರ ಹಳೆಯ ಮಾತು ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ಆಮೇಲೆ ಕತೆ ಒಂದು ಸುತ್ತು ಹೊಡೆಯಿತು. 2018ರ ಏಪ್ರಿಲ್ 1ರಿಂದ ನಮ್ಮ ದೊಡ್ಡ ಕಂಪನಿಗಳಿಗೆ ಬಂದ 115ನೆಯ ಮಾನದಂಡ ಪ್ರಶ್ನೆಯನ್ನೇ ಬದಲಿಸಿತು. ಕೆಲಸ ಎಷ್ಟು ಮುಗಿಯಿತು ಎನ್ನುವ ಮೊದಲು, ಕಟ್ಟುತ್ತಿರುವಾಗಲೇ ಆ ವಸ್ತು ಯಾರ ಹಿಡಿತಕ್ಕೆ ಹೋಗುತ್ತಿದೆ ಎಂದು ಕೇಳಿತು. ಸೇತುವೆ ಏಳುವುದು ಸರ್ಕಾರದ ಜಾಗದಲ್ಲಿ. ಕಾಂಕ್ರೀಟು ಬಿದ್ದ ಗಳಿಗೆಯಿಂದಲೇ ಅದು ಸರ್ಕಾರದ್ದು. ಆದ್ದರಿಂದ ಭಾಗದ ಲೆಕ್ಕ ಉಳಿಯಿತು. ಫ್ಲ್ಯಾಟಿನ ಕತೆ ಹಾಗಲ್ಲ. ಕಟ್ಟುವಾಗ ಅದು ಕಟ್ಟುವವನ ಹಿಡಿತದಲ್ಲೇ ಇದ್ದು, ನಡುವೆ ಕರಾರು ಮುರಿದರೆ ಅಲ್ಲಿಯವರೆಗಿನ ಕೆಲಸಕ್ಕೆ ಹಣ ಕೇಳುವ ಹಕ್ಕೂ ಅವನಿಗೆ ಇಲ್ಲದಿದ್ದರೆ, ಒಪ್ಪಿಸಿದ ದಿನವೇ ಆದಾಯ. ಬೆಂಗಳೂರಿನವೂ ಸೇರಿ ಅನೇಕ ಅಪಾರ್ಟ್‌ಮೆಂಟ್ ಕಂಪನಿಗಳು ಹೀಗೆ ಹಳೆಯ ಕಾಯುವ ಪದ್ಧತಿಗೆ ಮರಳಿದವು.

ಈಗ ಅದೇ ನದಿಯ ದಂಡೆಯಲ್ಲಿ ಸೇತುವೆಯೂ ಫ್ಲ್ಯಾಟೂ ಒಟ್ಟಿಗೆ ಏಳುತ್ತಿದ್ದರೆ, ಫ್ಲ್ಯಾಟಿನ ಲೆಕ್ಕಿಗ ಬೀಗದ ಕೈ ಕೊಡುವ ದಿನಕ್ಕಾಗಿ ಕಾಯುತ್ತಾನೆ. ಸೇತುವೆಯ ಲೆಕ್ಕಿಗ ಮಾರ್ಚ್ ಕೊನೆಯ ವಾರ ಸೈಟಿಗೆ ಫೋನ್ ಹಚ್ಚುತ್ತಾನೆ: 'ಇಂಜಿನಿಯರೇ, ಡೈರಿಯಲ್ಲಿ ಎಷ್ಟಿದೆ ಹೇಳಿ.'