ಕಿರುಸಂದೇಶದ ಕನ್ನಡ



ನನ್ನ ಅಧ್ಯಾಪನದ ಕೊನೆಯ ವರ್ಷ, ಒಂದು ಬೆಳಗ್ಗೆ ಒಬ್ಬ ತಾಯಿಯ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಬಂತು: “ಜಿಎಂ ಟೀಚರ್, ಮಗಳಿಗೆ ಫೀವರ್, ಟುಡೇ ಲೀವ್ ಪ್ಲೀಸ್.” ಕೊನೆಗೆ ಕೈಮುಗಿದ ಎರಡು ಚಿತ್ರ, ಒಂದು ಅಳುಮೋರೆ. ಕನ್ನಡ ಶಾಲೆಯವರು ಶುದ್ಧವಾಗಿಯೇ ಬರೆಯಬೇಕೆಂಬ ಹಟದಿಂದ ನಾನು ಉತ್ತರಿಸಿದೆ: “ತಮ್ಮ ಸಂದೇಶ ತಲುಪಿದೆ. ರಜೆಯನ್ನು ಮಂಜೂರು ಮಾಡಲಾಗಿದೆ.” ಸಂಜೆ ಆಕೆ ಕರೆಮಾಡಿ, “ಟೀಚರಿಗೆ ನನ್ನ ಮೇಲೆ ಕೋಪವಾ?” ಎಂದು ಕೇಳಿದರು. ನನ್ನ ವಾಕ್ಯಗಳನ್ನು ಮತ್ತೆ ಓದಿದೆ. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಮಗುವಿನ ಜ್ವರದ ಮಾತೂ ಇರಲಿಲ್ಲ.

ಆ ತಾಯಿಯ ಚಿತ್ರಗಳು ಕೇವಲ ಅಲಂಕಾರವಾಗಿರಲಿಲ್ಲ. ಕೈಮುಗಿದದ್ದು ವಿನಂತಿಗೆ ಮತ್ತು ಕೃತಜ್ಞತೆಗೆ, ಅಳುಮೋರೆ ಮಗಳ ಕುರಿತಾದ ಕಳವಳಕ್ಕೆ. ಚಿತ್ರವನ್ನು ಅಳಿಸಿದವರು ಅದರ ಕೆಲಸವನ್ನು ಮಾತಿಗೆ ಒಪ್ಪಿಸದಿದ್ದರೆ ಸಂದೇಶ ತಣ್ಣಗಾಗುತ್ತದೆ. ವಿನಂತಿಯನ್ನು ಹೊರಲು ನಮ್ಮ ಕ್ರಿಯಾಪದವೇ ಸಾಕು. “ಕಳುಹಿಸಿ” ಎಂಬುದು “ಕಳುಹಿಸುತ್ತೀರಾ” ಎಂದಾದೊಡನೆ ಮೃದುವಾಗುತ್ತದೆ. ಪ್ರತಿ ಸಾಲಿಗೂ “ದಯವಿಟ್ಟು” ಬೇಕಾಗಿಲ್ಲ. ಕಳವಳಕ್ಕೆ ಬೇಕಾದದ್ದು ವಿಶೇಷಣವಲ್ಲ, ಮನೆಯ ಒಂದು ಸಣ್ಣ ಸಂಗತಿ. ಅದೇ ಸಂದೇಶವನ್ನು ಹೀಗೆ ಬರೆಯಬಹುದಿತ್ತು:

“ನಮಸ್ಕಾರ ಟೀಚರ್. ಮಗಳಿಗೆ ರಾತ್ರಿಯಿಂದ ಜ್ವರ, ಸರಿಯಾಗಿ ನಿದ್ದೆಯೂ ಮಾಡಿಲ್ಲ. ಇವತ್ತು ಶಾಲೆಗೆ ಕಳುಹಿಸುತ್ತಿಲ್ಲ. ಪಾಠ ಎಲ್ಲಿಯವರೆಗೆ ಆಯಿತೆಂದು ಸಂಜೆ ತಿಳಿಸುತ್ತೀರಾ?”

ಇಲ್ಲಿ “ಫೀವರ್” ಹೋಗಿ “ಜ್ವರ” ಬಂದಿದೆ, ಏಕೆಂದರೆ ಮನೆಯಲ್ಲಿ ಆಕೆ ಆಡುವ ಮಾತು ಅದೇ. “ಟೀಚರ್” ಮಾತ್ರ ಉಳಿದಿದೆ. ನಮ್ಮ ಕಾಸರಗೋಡಿನಲ್ಲಿ ಮಕ್ಕಳೂ ಹೆತ್ತವರೂ ಹಾಗೆಯೇ ಕರೆಯುತ್ತಾರೆ; “ಅಧ್ಯಾಪಿಕೆಯವರೇ” ಎಂದರೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೇನು.

ನನ್ನ ಉತ್ತರದ ದೋಷ “ಮಾಡಲಾಗಿದೆ” ಎಂಬಲ್ಲಿತ್ತು. ಆ ರೂಪದಲ್ಲಿ ಮಾಡಿದವರು ಯಾರೆಂಬುದು ಕಾಣಿಸುವುದಿಲ್ಲ. ಕಚೇರಿಯ ಸುತ್ತೋಲೆಗೆ ಅದು ಹೊಂದೀತು, ಜ್ವರದ ಮಗುವಿನ ತಾಯಿಗೆ ಹೊಂದದು. “ನಾನು” ಎಂಬ ಪದವನ್ನು ಮರಳಿ ತಂದಾಗ ಉತ್ತರ ಹೀಗಾಯಿತು: “ಅವಳು ವಿಶ್ರಾಂತಿ ತೆಗೆದುಕೊಳ್ಳಲಿ. ಬಂದ ಮೇಲೆ ಪಾಠವನ್ನು ನಾನೇ ಹೇಳಿಕೊಡುತ್ತೇನೆ. ಹೇಗಿದ್ದಾಳೆಂದು ನಾಳೆ ತಿಳಿಸಿ.” ಇದನ್ನು ಆ ತಾಯಿಗೆ ಕಳುಹಿಸಿದ್ದು ಆಕೆಯ ಕರೆಯ ನಂತರ, ಹನ್ನೆರಡು ಗಂಟೆ ತಡವಾಗಿ.

ಈಗ ಕಳುಹಿಸುವ ಮುನ್ನ ಒಮ್ಮೆ ಪಿಸುಮಾತಿನಲ್ಲಿ ಓದಿಕೊಳ್ಳುತ್ತೇನೆ. ಶಾಲೆಯ ಗೇಟಿನ ಬಳಿ ಆ ವ್ಯಕ್ತಿಯ ಮುಖ ನೋಡಿ ಹೇಳಲಾಗದ ಪದ ಸಿಕ್ಕರೆ ಅದನ್ನು ಬದಲಿಸುತ್ತೇನೆ. ಎಲ್ಲ ಕಡೆಯೂ ಇಷ್ಟು ಶ್ರಮ ಬೇಡ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ರಜೆ ಸಾರಿದ ಸುದ್ದಿಗೆ ತರಗತಿಯ ಗುಂಪಿನಲ್ಲಿ ನಲವತ್ತು ಮಂದಿ ಹೆಬ್ಬೆರಳು ತೋರಿಸಿದರೆ ನನ್ನ ಆಕ್ಷೇಪವೇನೂ ಇಲ್ಲ; ನಲವತ್ತು ಪೂರ್ಣ ವಾಕ್ಯಗಳನ್ನು ಓದುವ ತಾಳ್ಮೆ ನನಗೂ ಇಲ್ಲ.