ಸೊನೆ ಬರೆದ ಗೆರೆಗಳು



ಮಾರ್ಚ್ ತಿಂಗಳಲ್ಲಿ ಕಾಸರಗೋಡಿನ ಹಳ್ಳಿಶಾಲೆಗೆ ಬರುವ ಆರನೆಯ ತರಗತಿಯ ಬಾಲಕನೊಬ್ಬನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸೋಮವಾರ ಅವನ ಬಾಯಿಯ ಅಂಚಿನಿಂದ ಗಲ್ಲದವರೆಗೆ ಒಂದು ಕೆಂಪು ಗೆರೆ, ಮುಂಗೈಯ ಮೇಲೆ ಎರಡು ಗೆರೆಗಳು. ಗೆರೆಯುದ್ದಕ್ಕೂ ನೀರು ತುಂಬಿದ ಸಣ್ಣ ಗುಳ್ಳೆಗಳು, ತಡೆಯಲಾರದ ತುರಿಕೆ. ಪಕ್ಕದಲ್ಲಿ ಕುಳಿತ ಮಕ್ಕಳು ಅಂಟುರೋಗವೆಂದು ದೂರ ಸರಿಯುತ್ತಾರೆ. ಹಿರಿಯರೊಬ್ಬರು ಸರ್ಪಸುತ್ತು ಎನ್ನುತ್ತಾರೆ.

ಇಲ್ಲಿ ಅಧ್ಯಾಪಕರು ಕೇಳಬೇಕಾದ ಪ್ರಶ್ನೆ ಒಂದೇ: ಶನಿವಾರ ಎಲ್ಲಿದ್ದೆ? ಮರ ಹತ್ತಿ ಕಾಟುಮಾವಿನ ಕಾಯಿ ಕಿತ್ತು, ತೊಟ್ಟನ್ನು ಹಲ್ಲಿನಿಂದಲೇ ಮುರಿದು ತಿಂದೆನೆಂದು ಬಾಲಕ ಹೇಳಿದರೆ ಕಾರಣ ಸ್ಪಷ್ಟವಾಗುತ್ತದೆ. ತೊಟ್ಟು ಮುರಿದಾಗ ಚಿಮ್ಮಿದ ಸೊನೆ ಹರಿದ ದಾರಿಯಲ್ಲೇ ಗುಳ್ಳೆಗಳೆದ್ದಿವೆ. ಸರ್ಪಸುತ್ತಿನಲ್ಲಿ ಸಾಮಾನ್ಯವಾಗಿ ಉರಿ ಅಥವಾ ನೋವು ಮೊದಲು ಬಂದು, ಗುಳ್ಳೆಗಳು ದೇಹದ ಒಂದೇ ಪಾರ್ಶ್ವದಲ್ಲಿ ಪಟ್ಟಿಯಾಗಿ ಏಳುತ್ತವೆ. ಸೊನೆ ಮಾತ್ರ ಗಲ್ಲ, ಮುಂಗೈ, ಬೆರಳು ಹೀಗೆ ತಾನು ತಾಗಿದಲ್ಲೆಲ್ಲ ಗುರುತು ಬಿಡುತ್ತದೆ.

ಸೊನೆಯ ಕೆಲಸ ಎರಡು ಬಗೆಯದು. ಹಸಿ ಸೊನೆ ಚರ್ಮವನ್ನು ಕೂಡಲೇ ಸುಡಬಲ್ಲದು. ಇದಲ್ಲದೆ, ಮೊದಲೊಮ್ಮೆ ಸೋಂಕಿ ಒಗ್ಗದಿಕೆ ಬೆಳೆದವರಲ್ಲಿ ಒಂದೆರಡು ದಿನ ತಡವಾಗಿ ತುರಿಕೆ, ಗುಳ್ಳೆ ಕಾಣಿಸಿಕೊಳ್ಳುತ್ತವೆ. ಈ ವಿಳಂಬದಿಂದಲೇ ಮಕ್ಕಳು ಮಾವಿನಕಾಯಿಯನ್ನು ಮರೆತು ಸೋಮವಾರ ತಿಂದುದನ್ನು ದೂರುತ್ತಾರೆ. ಗೇರು, ಕರಿಗೇರುಗಳೂ ಮಾವಿನ ಕುಟುಂಬದವೇ. ಅವುಗಳ ಬೀಜದ ಸಿಪ್ಪೆಯ ಎಣ್ಣೆ ಇನ್ನೂ ಉಗ್ರ. ಪಾರ್ಥೇನಿಯಂ ಕಳೆಯ ಹುಡಿ ಗಾಳಿಯಲ್ಲಿ ಬರುವುದರಿಂದ ಅಲ್ಲಿ ಗೆರೆಗಳಿಗಿಂತ ಮುಖ, ಕಣ್ಣೆವೆ, ಕುತ್ತಿಗೆಗಳಲ್ಲಿ ಹರಡಿದ ಕೆಂಪು ಕಾಣುತ್ತದೆ.

ಗುಳ್ಳೆಯ ನೀರಿನಲ್ಲಿ ಸೊನೆಯಿಲ್ಲ. ಅದು ಇತರರಿಗೆ ಅಂಟುವುದಿಲ್ಲ. ಆದ್ದರಿಂದ ಬಾಲಕನನ್ನು ಬೇರೆ ಬೆಂಚಿಗೆ ಕಳುಹಿಸುವ ಅಗತ್ಯವಿಲ್ಲ. ಆದರೆ ಉಗುರಿನ ಸಂದಿಯಲ್ಲಿ, ಅಂಗಿಯಲ್ಲಿ ಉಳಿದ ಸೊನೆ ಹೊಸ ಜಾಗಕ್ಕೆ ತಾಗಬಲ್ಲದು.

ಸೊನೆ ತಾಗಿದ ಕೂಡಲೇ ಸಾಬೂನು ಮತ್ತು ಧಾರಾಳ ನೀರಿನಿಂದ ಕೈ, ಮುಖ, ಉಗುರುಗಳನ್ನು ತೊಳೆಸಬೇಕು. ಅಂಗಿಯನ್ನು ಬದಲಿಸಿ ಒಗೆಯಬೇಕು. ಗುಳ್ಳೆಗಳೆದ್ದ ಮೇಲೆ ತೊಳೆದರೆ ಅವು ಮಾಯವಾಗವು. ಆಗ ತಣ್ಣೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಹದಿನೈದು ನಿಮಿಷ ಇಟ್ಟರೆ ತುರಿಕೆ ತಗ್ಗುತ್ತದೆ. ಗುಳ್ಳೆಗಳನ್ನು ಒಡೆಯಬಾರದು, ಸುಣ್ಣ ಹಚ್ಚಬಾರದು. ಕಣ್ಣಿಗೆ ಸೊನೆ ಸಿಡಿದರೆ ತಕ್ಷಣ ನೀರಿನಿಂದ ತೊಳೆಯುತ್ತಿದ್ದು, ಬಳಿಕ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮುಖ ಊದಿದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಉಳಿದಂತೆ ಎರಡು ಮೂರು ವಾರಗಳಲ್ಲಿ ಗಾಯ ಮಾಯುತ್ತದೆ. ಕಪ್ಪು ಕಲೆ ಮಾತ್ರ ಕೆಲವು ತಿಂಗಳು ಉಳಿಯಬಹುದು.

ಮಾವಿನಕಾಯಿಯ ತೊಟ್ಟನ್ನು ಕತ್ತಿಯಿಂದ ಕತ್ತರಿಸಿ, ಕಾಯಿಯನ್ನು ಕೆಳಮುಖವಾಗಿಟ್ಟು ಸೊನೆ ಸುರಿದ ಮೇಲೆ ತೊಳೆದು ತಿನ್ನುವ ರೂಢಿಯನ್ನು ಮಕ್ಕಳಿಗೆ ಮಾವು ಕಾಯಿಕಟ್ಟುವ ಮೊದಲೇ ತೋರಿಸಿಕೊಡಬಹುದು.